ರೀಚಾರ್ಜ್ ಮಾಡಿದ್ದು ಕಂಪನಿಗೆ ಗೊತ್ತು, ಕೋಡಿಗೆ ಗೊತ್ತಿಲ್ಲ

ನಕ್ಷತ್ರ ಒತ್ತಿ, ಮೂರು ಅಂಕಿ ಒತ್ತಿ, ಹ್ಯಾಷ್ ಒತ್ತಿ ಕರೆ ಗುಂಡಿ ಅದುಮಿದರೆ ಬ್ಯಾಲೆನ್ಸ್ ಬರುತ್ತದೆ. ಇಂಟರ್ನೆಟ್ ಬೇಡ, ಸ್ಮಾರ್ಟ್‌ಫೋನ್ ಬೇಡ. ಕೀಪ್ಯಾಡ್ ಮೊಬೈಲ್ ಇಟ್ಟುಕೊಂಡ ಹಳ್ಳಿಯ ಹಿರಿಯರಿಗೆ ಇರುವ ದಾರಿ ಅದೊಂದೇ. ಆ ಒಂದೇ ದಾರಿಯನ್ನೂ ಇಷ್ಟು ಬೇಜವಾಬ್ದಾರಿಯಿಂದ ಇಟ್ಟಿದ್ದಾರಲ್ಲ, ಅದಕ್ಕೇ ನನಗೆ ಮೈ ಉರಿಯುತ್ತಿದೆ.

ಅಮ್ಮನ ಪ್ಯಾಕ್ 14ನೇ ತಾರೀಖಿಗೆ ಮುಗಿಯುವುದಿತ್ತು. ನಾನು 11ಕ್ಕೇ ಇಲ್ಲಿಂದ ರೀಚಾರ್ಜ್ ಮಾಡಿದೆ. ಹಳೆಯದು ಮುಗಿದ ಮೇಲೆ ಹೊಸ ಪ್ಯಾಕ್ ತಾನಾಗಿ ಶುರುವಾಗುತ್ತದೆ, ಅಲ್ಲಿಯವರೆಗೆ ಸಾಲಿನಲ್ಲಿ ಕಾಯುತ್ತದೆ. 13ರಂದು ಅಮ್ಮ ಅಭ್ಯಾಸದಂತೆ ಕೋಡು ಒತ್ತಿದರು. ಪರದೆಯ ಮೇಲೆ ಬಂದದ್ದು ಇಷ್ಟು:

```
Main Bal: Rs 0.41
Unltd calls, exp 14-08
Data: 0 MB
Set caller tune? Reply 1
```

ಸಾಲಿನಲ್ಲಿ ಕಾಯುತ್ತಿರುವ ಪ್ಯಾಕಿನ ಸುಳಿವೇ ಇಲ್ಲ. ರೀಚಾರ್ಜ್ ಆದ ಸಂದೇಶ ಅವರಿಗೆ ತಲುಪಿರಲೇ ಇಲ್ಲ, ಇನ್‌ಬಾಕ್ಸ್ ಕಂಪನಿಯದೇ ಜಾಹೀರಾತುಗಳಿಂದ ತುಂಬಿ ತುಳುಕುತ್ತಿತ್ತು. "ನೀನು ಹಾಕಿದ ದುಡ್ಡು ಬಂದಿಲ್ಲ ಕಣೋ, ನಾಳೆಗೆ ಮುಗಿಯುತ್ತದೆ ಅಂತ ಮೊಬೈಲೇ ಹೇಳುತ್ತಿದೆ" ಎಂದರು. ನಾನು ಎಷ್ಟು ಹೇಳಿದರೂ ಕಣ್ಣೆದುರಿನ ತಾರೀಖಿಗಿಂತ ನನ್ನ ಮಾತು ಹೆಚ್ಚೇ? ಸಂಜೆ ಬಸ್ ನಿಲ್ದಾಣದ ಅಂಗಡಿಗೆ ಹೋಗಿ ಇನ್ನೊಂದು ರೀಚಾರ್ಜ್ ಮಾಡಿಸಿಕೊಂಡು ಬಂದರು. ಈಗ ಸಾಲಿನಲ್ಲಿ ಎರಡು ಪ್ಯಾಕ್. ಹಣ ಹಾಳಾಗಲಿಲ್ಲ ಎನ್ನಬಹುದು; ಆದರೆ ಪಿಂಚಣಿಯಲ್ಲಿ ತಿಂಗಳು ದೂಡುವವರ ದುಡ್ಡು ತಿಂಗಳುಗಟ್ಟಲೆ ಕಂಪನಿಯ ಕೈಯಲ್ಲಿ ಉಳಿಯಿತು.

ನಾನಾದರೂ ಇಲ್ಲಿಂದ ನೋಡಿ ಹೇಳೋಣ ಎಂದರೆ ಅದೂ ಆಗದು. ಕೋಡು ಒತ್ತಿದಾಗ ಜಾಲ ಗುರುತಿಸುವುದು ಆ ಫೋನಿನಲ್ಲಿರುವ ಸಿಮ್ಮನ್ನು ಮಾತ್ರ. ಬೇರೆಯವರ ಸಂಖ್ಯೆಯನ್ನು ಕೇಳುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಸರಿ, ಬಂದ ಉತ್ತರವನ್ನಾದರೂ ಯಾರಿಗಾದರೂ ತೋರಿಸೋಣ ಎಂದರೆ, ಎಸ್‌ಎಂಎಸ್‌ನಂತೆ ಅದು ಎಲ್ಲೂ ಉಳಿಯುವುದಿಲ್ಲ. ಸಂಪರ್ಕ ತೆರೆದಿರುವ ಆ ಕೆಲವು ಕ್ಷಣಗಳಷ್ಟೇ ಅದರ ಆಯುಸ್ಸು. ಸರಿ ಎಂದು ಒತ್ತಿದರೆ ಮಾಯ. ದೂರು ಕೊಡಲು ಹೋದರೆ ಕೈಯಲ್ಲಿ ಸಾಕ್ಷಿ ಇರುವುದಿಲ್ಲ.

ಡೇಟಾದ ಕಥೆಯೂ ಅಷ್ಟೇ. ನನ್ನ ಫೋನಿನಲ್ಲಿ ಕೋಡು ಒತ್ತಿದರೆ ಇಂದಿನ ಪಾಲಿನಲ್ಲಿ ಇಷ್ಟು ಎಂಬಿ ಉಳಿದಿದೆ ಎನ್ನುತ್ತದೆ. ತಿಂದದ್ದು ಯಾವ ಆ್ಯಪ್ ಎಂಬುದನ್ನು ಹೇಳುವುದಿಲ್ಲ, ಅದನ್ನು ಫೋನಿನ ಸೆಟ್ಟಿಂಗ್ಸ್‌ನಲ್ಲೇ ಹುಡುಕಬೇಕು. ಇದನ್ನು ಬೇಕಾದರೆ ಕ್ಷಮಿಸುತ್ತೇನೆ, ಯಾವ ಆ್ಯಪ್ ಎಷ್ಟು ತಿಂದಿತು ಎಂಬ ಪಟ್ಟಿ ಇರುವುದು ಫೋನಿನಲ್ಲಿ.

ಕ್ಷಮಿಸಲಾಗದ್ದು ಇನ್ನೊಂದಿದೆ. ಅಮ್ಮನ ಬ್ಯಾಂಕ್ ಖಾತೆಗೆ ಜೋಡಿಸಿರುವ ಹಳೆಯ ಸಿಮ್ ಒಂದಿದೆ, ಕಪಾಟಿನಲ್ಲಿ ಬಿದ್ದಿರುತ್ತದೆ. ಟ್ರಾಯ್ ನಿಯಮದ ಪ್ರಕಾರ ಪ್ರೀಪೇಯ್ಡ್ ಸಂಖ್ಯೆಯನ್ನು 90 ದಿನ ಬಳಸದೆ ಬಿಟ್ಟರೆ ಕಂಪನಿ ಅದನ್ನು ರದ್ದು ಮಾಡಬಹುದು. ಮುಖ್ಯ ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಅಥವಾ ಹೆಚ್ಚು ಇದ್ದರೆ ರದ್ದು ಮಾಡುವಂತಿಲ್ಲ. ಆ ಸಿಮ್ ಹಾಕಿ ಕೋಡು ಒತ್ತಿದರೆ 18.60 ಎಂದು ತೋರಿಸುತ್ತದೆ, ಅಷ್ಟೇ. ಸಂಖ್ಯೆಯನ್ನು ಉಳಿಸಿಕೊಳ್ಳಲು 1 ರೂಪಾಯಿ 40 ಪೈಸೆ ಕಡಿಮೆ ಇದೆ ಎಂಬುದಿಲ್ಲ, ಕೊನೆಯ ಬಾರಿ ಬಳಸಿದ್ದು ಯಾವಾಗ ಎಂಬುದಿಲ್ಲ. ಪ್ಯಾಕಿನ ಅವಧಿ ಬೇರೆ, ಸಂಖ್ಯೆಯ ಆಯುಸ್ಸು ಬೇರೆ ಎನ್ನುವುದೇ ಬಹಳ ಜನರಿಗೆ ತಿಳಿಯುವುದು ಸಂಖ್ಯೆ ಕೈತಪ್ಪಿ, ಒಟಿಪಿ ಬರುವುದು ನಿಂತ ಮೇಲೆ.

ಗ್ರಾಹಕ ಸೇವೆಗೆ ಕರೆ ಮಾಡಿ ಕೇಳಿದೆ. "ಎಲ್ಲ ವಿವರ ಆ್ಯಪ್‌ನಲ್ಲಿ ಸಿಗುತ್ತದೆ ಸರ್" ಎಂದಳು ಆ ಹುಡುಗಿ. ಕೀಪ್ಯಾಡ್ ಮೊಬೈಲ್ ಎಂದೆ. "ಹಾಗಾದರೆ ಕೋಡು ಒತ್ತಿ ಸರ್." ಅವಳ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ, ಅವಳಿಗೂ ಮೇಲಿನವರು ಬರೆದುಕೊಟ್ಟದ್ದು ಅಷ್ಟೇ.

ಜಾಗವಿಲ್ಲ ಎಂಬ ನೆಪ ಹೇಳಬೇಡಿ. ಒಂದು ಪರದೆಗೆ ಇಂಗ್ಲಿಷಿನ 182 ಅಕ್ಷರಗಳು ಹಿಡಿಯುತ್ತವೆ; ಮೇಲಿನ ನಾಲ್ಕು ಸಾಲು ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಕನ್ನಡದಲ್ಲಾದರೆ ಒತ್ತು, ಗುಣಿತ ಎಲ್ಲ ಸೇರಿ 80ರಷ್ಟೇ ಹಿಡಿಯುತ್ತದೆ, ಒಪ್ಪುತ್ತೇನೆ. ಆಗ ಎರಡನೇ ಪರದೆ ಕೊಡಿ; ಕಾಲರ್ ಟ್ಯೂನ್ ಮಾರುವಾಗ ಪರದೆಯ ಮೇಲೆ ಪರದೆ ತೆರೆಯಲು ನಿಮಗೆ ಬರುತ್ತದಲ್ಲ. "ಮುಂದಿನ ಪ್ಯಾಕ್: 15ರಿಂದ" ಎಂದು ಒಂದು ಸಾಲು, "ಸಂಖ್ಯೆ ಇಂಥ ದಿನದವರೆಗೆ" ಎಂದು ಇನ್ನೊಂದು ಸಾಲು. ಎರಡೂ ನಿಮ್ಮ ಕಂಪ್ಯೂಟರಿನಲ್ಲಿ ಈಗಲೇ ಇವೆ.