ಸಿಂಪ್ಲೆಕ್ಸ್‌ಗೆ ಮುನ್ನ ಎಲ್ಲ ಅಸಮತೆಗಳನ್ನೂ ಸಮೀಕರಣ ಮಾಡಲೇಬೇಕೆ?

ಪರ: ಮಾಡಲೇಬೇಕು

ರೇಖೀಯ ನಿರ್ಬಂಧಗಳೊಳಗೆ ಒಂದು ಬೆಲೆಯನ್ನು ಗರಿಷ್ಠವೋ ಕನಿಷ್ಠವೋ ಮಾಡುವ ವಿಧಾನ ಸಿಂಪ್ಲೆಕ್ಸ್. ಮೊದಲು ಒಂದು ಸಣ್ಣ ಲೆಕ್ಕ. z = 3x + 2y ಗರಿಷ್ಠವಾಗಬೇಕು; x, y ಸೊನ್ನೆಗಿಂತ ಕಡಿಮೆ ಇರಬಾರದು. ನಿರ್ಬಂಧಗಳು ಹೀಗಿವೆ:

```
x +  y ≤ 4
x + 3y ≤ 9
x      ≤ 3
```

ಇದನ್ನು ಹೀಗೆಯೇ ಇಟ್ಟುಕೊಂಡು ಸಿಂಪ್ಲೆಕ್ಸ್ ನಡೆಸಲು ಏಕೆ ಬರುವುದಿಲ್ಲ? ಪಿವಟ್ ಎಂದರೆ ಕೊನೆಗೂ ಒಂದು ಸಾಲಿನಿಂದ ಇನ್ನೊಂದನ್ನು ಕಳೆಯುವ ಕೆಲಸ. ಸಮೀಕರಣಗಳಲ್ಲಿ ಅದು ಸಲೀಸು. ಅಸಮತೆಗಳಲ್ಲಿ ಹಾಗಲ್ಲ. ಎರಡನೆಯ ಸಾಲಿನಿಂದ ಮೊದಲನೆಯದನ್ನು ಕಳೆದು 2y ≤ 5 ಎಂದು ಬರೆದುಬಿಟ್ಟರೆ ತಪ್ಪು: x = 0, y = 3 ಎಂಬ ಬಿಂದು ಮೂರೂ ನಿರ್ಬಂಧಗಳಿಗೆ ಒಪ್ಪುತ್ತದೆ, ಆದರೆ ಅಲ್ಲಿ 2y ಯ ಬೆಲೆ 6. ಚಿಹ್ನೆಯೊಳಗೆ ಅಡಗಿ ಕುಳಿತಿರುವ ಅಂತರಕ್ಕೆ ಒಂದು ಹೆಸರು ಕೊಡದ ಹೊರತು ಸಾಲುಗಳನ್ನು ಕೂಡಿ ಕಳೆಯುವ ಹಕ್ಕು ನಮಗಿಲ್ಲ. ಆ ಹೆಸರೇ ಸ್ಲ್ಯಾಕ್ ಚರ.

```
x +  y + s1 = 4
x + 3y + s2 = 9
x      + s3 = 3
```

ಈ ಮೂರು ಚರಗಳು ಬಂದ ಕೂಡಲೇ ಆರಂಭದ ಬಿಂದುವೂ ಕೈಗೆ ಸಿಗುತ್ತದೆ. x, y ಎರಡನ್ನೂ ಸೊನ್ನೆ ಮಾಡಿದರೆ s1 = 4, s2 = 9, s3 = 3. ಹುಡುಕಾಟವಿಲ್ಲ. ಲಾಭ ಹೆಚ್ಚಿರುವ x ಅನ್ನು ಒಳಗೆ ತಂದರೆ, ಬಲಬದಿಯನ್ನು x ನ ಗುಣಕದಿಂದ ಭಾಗಿಸಿದಾಗ ಸಿಗುವ ಅನುಪಾತಗಳು 4, 9, 3. ಕಡಿಮೆಯದು 3, ಆದ್ದರಿಂದ s3 ಹೊರಗೆ. ಆಮೇಲೆ y ಒಳಗೆ, s1 ಹೊರಗೆ. ಎರಡು ಪಿವಟ್‌ಗಳ ನಂತರ ಉಳಿಯುವುದು ಇಷ್ಟು:

```
x  = 3 - s3
y  = 1 - s1 + s3
s2 = 3 + 3·s1 - 2·s3
z  = 11 - 2·s1 - s3
```

ಉತ್ತರ x = 3, y = 1, ಬೆಲೆ 11. ಆದರೆ ನನ್ನ ಮಟ್ಟಿಗೆ ಸ್ಲ್ಯಾಕ್‌ಗಳ ನಿಜವಾದ ಸಂಪಾದನೆ ಕೊನೆಯ ಎರಡು ಸಾಲುಗಳಲ್ಲಿದೆ. z ಸಾಲಿನಲ್ಲಿ s1 ಗೆ ಇರುವ 2 ಏನು ಹೇಳುತ್ತದೆ? ಮೊದಲ ನಿರ್ಬಂಧದ 4 ಅನ್ನು ಒಂದು ಘಟಕ ಹೆಚ್ಚಿಸಿದರೆ ಬೆಲೆ 2 ಏರುತ್ತದೆ. 5 ಇಟ್ಟು ನೋಡಿ: x = 3, y = 2, ಬೆಲೆ 13. ಇನ್ನೂ ಹೆಚ್ಚಿಸುತ್ತಾ ಹೋಗಬಹುದೇ? ಅದಕ್ಕೆ s2 ಸಾಲು ಉತ್ತರಿಸುತ್ತದೆ. ಬಲಬದಿಯನ್ನು ಒಂದು ಏರಿಸುವುದೂ ಹಳೆಯ ಸಾಲಿನಲ್ಲಿ s1 ಗೆ -1 ಕೊಡುವುದೂ ಒಂದೇ. ಆಗ s2 ಯ ಬೆಲೆ 3 - 3, ಅಂದರೆ ಸೊನ್ನೆ. ಅಲ್ಲಿಂದಾಚೆಗೆ ಎರಡನೆಯ ನಿರ್ಬಂಧ ಅಡ್ಡ ಬರುತ್ತದೆ, ಆ 2 ಎಂಬ ದರಕ್ಕೆ ಬೆಲೆಯಿರುವುದಿಲ್ಲ. ದರವನ್ನೂ ಅದರ ಎಲ್ಲೆಯನ್ನೂ ಒಂದೇ ಕೋಷ್ಟಕದಲ್ಲಿ ಓದಬಹುದಾದರೆ ಮೂರು ಚರಗಳು ದುಬಾರಿಯೇನಲ್ಲ.

≥ ಇರುವ ಕಡೆ ಅಂತರವನ್ನು ಕೂಡಿಸುವ ಬದಲು ಕಳೆಯಬೇಕು; ಅದು ಸರ್‌ಪ್ಲಸ್ ಚರ. ಇಲ್ಲಿ ಬಹುತೇಕರು ಎಡವುವುದು ಒಂದೇ ಜಾಗದಲ್ಲಿ: ಬಲಬದಿಯ ಚಿಹ್ನೆ ನೋಡುವ ಮೊದಲೇ ಚರ ಸೇರಿಸುತ್ತಾರೆ. x - y ≥ -2 ಎಂಬುದಕ್ಕೆ ಸರ್‌ಪ್ಲಸ್‌ನ ಗೊಡವೆಯೇ ಬೇಡ. -1 ರಿಂದ ಗುಣಿಸಿದರೆ -x + y ≤ 2. ಒಂದು ಸ್ಲ್ಯಾಕ್ ಸಾಕು. ಮೊದಲು ಬಲಬದಿಯನ್ನು ಧನಾತ್ಮಕ ಮಾಡಿ, ಆಮೇಲೆ ಚಿಹ್ನೆ ನೋಡಿ.

ವಿರೋಧ: ಎಲ್ಲವನ್ನೂ ಬೇಡ

ಅಸಮತೆಗಳನ್ನು ಒಂದರಿಂದೊಂದು ಕಳೆಯಬಾರದೆಂಬ ಮಾತಿಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಮೂರನೆಯ ಸಾಲಿನ ಮೇಲೆ. x ≤ 3 ಎಂಬುದು ಒಂದೇ ಚರದ ಮೇಲಿನ ಮಿತಿ. x ≥ 0 ಕೂಡ ಅಂಥದ್ದೇ. ಕೆಳಮಿತಿಗೆ ಯಾರೂ ಸಾಲು ಬರೆಯುವುದಿಲ್ಲ, ಅದನ್ನು ವಿಧಾನವೇ ನೋಡಿಕೊಳ್ಳುತ್ತದೆ. ಹಾಗಿದ್ದರೆ ಮೇಲ್ಮಿತಿಗೆ ಮಾತ್ರ ಒಂದು ಸಾಲು, ಒಂದು ಚರ, ಒಂದು ಪಿವಟ್ ಏಕೆ?

ಅದೇ ಲೆಕ್ಕವನ್ನು ಎರಡೇ ಸಾಲುಗಳಿಂದ ಮಾಡೋಣ. x ಅನ್ನು ಏರಿಸುವಾಗ ಅನುಪಾತಗಳು 4 ಮತ್ತು 9; ಅವುಗಳ ಜೊತೆಗೆ x ನ ಸ್ವಂತ ಮಿತಿ 3 ಅನ್ನೂ ಹೋಲಿಸುತ್ತೇವೆ. ಗೆದ್ದದ್ದು ಸ್ವಂತ ಮಿತಿ. ಆದ್ದರಿಂದ ಯಾವ ಚರವೂ ಹೊರಬೀಳುವುದಿಲ್ಲ, ಪಿವಟ್ ನಡೆಯುವುದಿಲ್ಲ. x ತನ್ನ ಕೆಳಮಿತಿಯಿಂದ ಮೇಲ್ಮಿತಿಗೆ ನೆಗೆಯುತ್ತದೆ, ಅಷ್ಟೇ. x = 3 - x' ಎಂದು ಬರೆದುಕೊಂಡರೆ s1 = 1 + x' - y, s2 = 6 + x' - 3y. ಈಗ y ಒಳಗೆ, s1 ಹೊರಗೆ. ಒಂದೇ ಪಿವಟ್, z = 11 - 2·s1 - x'.

ಈ x' ಬೇರೆ ಯಾರೂ ಅಲ್ಲ, ಎದುರಾಳಿಯ s3 ಯೇ ಎಂದು ಕೆಣಕುವವರು ಕೆಣಕಲಿ; ಒಪ್ಪುತ್ತೇನೆ. ಅವರು ಮೆಚ್ಚಿಕೊಂಡ ದರವೂ ಅದರ ಮುಂದೆಯೇ ಇದೆ. ಉಳಿದದ್ದು ಸಾಲು. ಎರಡು ಚರಗಳ ಲೆಕ್ಕದಲ್ಲಿ ಅದು ಕ್ಷುಲ್ಲಕ. 50 ನಿರ್ಬಂಧಗಳು, 1000 ಚರಗಳು, ಪ್ರತಿ ಚರಕ್ಕೂ ಒಂದು ಮೇಲ್ಮಿತಿ ಇರುವಲ್ಲಿ ಕ್ಷುಲ್ಲಕವಲ್ಲ: ಎಲ್ಲವನ್ನೂ ಸಮೀಕರಣ ಮಾಡಿದರೆ ಆಧಾರ ಮ್ಯಾಟ್ರಿಕ್ಸ್ 1050 ಸಾಲುಗಳದ್ದು, ಮಿತಿಗಳನ್ನು ಮಿತಿಗಳಾಗಿಯೇ ಬಿಟ್ಟರೆ 50 ಸಾಲುಗಳದ್ದು. 2 ≤ x + y ≤ 7 ಎಂಬಂಥ ನಿರ್ಬಂಧವನ್ನೂ ಎರಡು ಸಾಲಾಗಿ ಒಡೆದು ಒಂದಕ್ಕೆ ಸ್ಲ್ಯಾಕ್, ಇನ್ನೊಂದಕ್ಕೆ ಸರ್‌ಪ್ಲಸ್ ಹಾಕುವವರಿದ್ದಾರೆ. x + y + s = 7, 0 ≤ s ≤ 5 ಎಂದರೆ ಮುಗಿಯಿತು.

ಸರ್‌ಪ್ಲಸ್ ವಿಷಯದಲ್ಲಿ ಪರ ವಾದ ತುಸು ಬೇಗನೆ ಜಾರಿಕೊಂಡಿತು. z = 2x + 3y ಕನಿಷ್ಠವಾಗಬೇಕು, x + y ≥ 4, x + 3y ≥ 6 ಎಂದಿಟ್ಟುಕೊಳ್ಳಿ. ಸರ್‌ಪ್ಲಸ್ ಕಳೆದು x = y = 0 ಇಟ್ಟರೆ ಅವುಗಳ ಬೆಲೆ -4, -6. ಸೊನ್ನೆಗಿಂತ ಕಡಿಮೆ ಇರಬಾರದ ಚರಗಳು ಆರಂಭದಲ್ಲೇ ಸೊನ್ನೆಗಿಂತ ಕಡಿಮೆ. ಹೀಗಾಗಿ ಪ್ರತಿ ಸಾಲಿಗೂ ಒಂದೊಂದು ಕೃತಕ ಚರ, ಅವನ್ನು ಓಡಿಸಲು ಉದ್ದೇಶ ಫಲನದಲ್ಲಿ M ಎಂಬ ದೊಡ್ಡ ಸಂಖ್ಯೆ. ಕಾಗದದ ಮೇಲೆ M ನಿರುಪದ್ರವಿ. ಗಣಕದಲ್ಲಿ ಅದಕ್ಕೊಂದು ಅಂಕಿ ಕೊಡಲೇಬೇಕು, ಮತ್ತು ಸಾಮಾನ್ಯ ಡಬಲ್ ಸಂಖ್ಯೆಯಲ್ಲಿ 10^16 ಕ್ಕೆ 1 ಕೂಡಿಸಿದರೆ ಸಿಗುವುದು 10^16 ಮಾತ್ರ. M ಅತಿ ದೊಡ್ಡದಾದರೆ 2, 3 ಎಂಬ ನಿಜವಾದ ವೆಚ್ಚಗಳು ಅದರಲ್ಲಿ ಕರಗಿಹೋಗುತ್ತವೆ. ಸಾಲದಾದರೆ ಕೃತಕ ಚರ ಕೊನೆಯ ಉತ್ತರದಲ್ಲೂ ಸೊನ್ನೆಯಾಗದೆ ಉಳಿದು, ಪರಿಹಾರವಿರುವ ಲೆಕ್ಕಕ್ಕೂ ಪರಿಹಾರವಿಲ್ಲ ಎಂಬ ಭ್ರಮೆ ಹುಟ್ಟಿಸುತ್ತದೆ. ಎರಡು ಹಂತಗಳ ವಿಧಾನ M ಅನ್ನು ತಪ್ಪಿಸುತ್ತದೆ, ಕೃತಕ ಚರಗಳನ್ನಲ್ಲ.

ಡಾನ್‌ಜಿಗ್ 1947ರಲ್ಲಿ ಸಿಂಪ್ಲೆಕ್ಸ್ ಕೊಟ್ಟರು. 1954ರಲ್ಲಿ ಲೆಮ್ಕೆ ಅದರ ದ್ವೈತ ರೂಪವನ್ನು ಪ್ರಕಟಿಸಿದರು. ಅದು ಈ ಋಣ ಸಂಖ್ಯೆಗಳಿಗೆ ಹೆದರುವುದಿಲ್ಲ. ಕನಿಷ್ಠಗೊಳಿಸುವ ಲೆಕ್ಕದಲ್ಲಿ ವೆಚ್ಚಗಳು ಯಾವುವೂ ಋಣವಾಗಿರದಿದ್ದರೆ ಸಾಕು. ಇಲ್ಲಿ ಅವು 2, 3. ಬಲಬದಿ ಧನವಾಗಲೇಬೇಕೆಂಬ ಹಟವನ್ನೂ ಇಲ್ಲಿ ಬಿಡಬೇಕು. s1 = x + y - 4, s2 = x + 3y - 6. ಹೆಚ್ಚು ಕೆಳಗಿರುವ s2 ಅನ್ನು ಹೊರಗೆ ಕಳಿಸುತ್ತೇವೆ. ಒಳಬರುವವರು ಯಾರು? ವೆಚ್ಚವನ್ನು ಆ ಸಾಲಿನ ಗುಣಕದಿಂದ ಭಾಗಿಸಿದರೆ x ಗೆ 2/1, y ಗೆ 3/3. ಕಡಿಮೆಯದು y. ಆಗ s1 ಇನ್ನೂ -2 ರಲ್ಲಿದೆ, z = 6 + x + s2. ಎರಡನೆಯ ಸುತ್ತಿನಲ್ಲಿ s1 ಹೊರಗೆ, x ಒಳಗೆ:

```
x = 3 + 1.5·s1 - 0.5·s2
y = 1 - 0.5·s1 + 0.5·s2
z = 9 + 1.5·s1 + 0.5·s2
```

ಎರಡು ಪಿವಟ್, ಒಂದೂ ಕೃತಕ ಚರವಿಲ್ಲ. ವೆಚ್ಚಗಳಲ್ಲಿ ಒಂದಾದರೂ ಋಣವಾಗಿದ್ದರೆ ಈ ದಾರಿ ನೇರವಾಗಿ ತೆರೆಯುವುದಿಲ್ಲ. ಆಗ ಕೃತಕ ಚರ ಬರಲಿ, ಆದರೆ ಬೇಕಾದ ಸಾಲಿಗೆ ಮಾತ್ರ.