ಸರಿ ಸಾರ್

ನಮ್ಮ ಶಾಖೆಯ ಟಪ್ಪಾಲು ಗುಮಾಸ್ತರ ಬಾಯಲ್ಲಿ ಇದ್ದದ್ದು ಎರಡೇ ಪದ. 'ಸರಿ', 'ಸಾರ್'. ಕಡತ ವಾಪಸ್ ಬಂದರೂ ಸರಿ ಸಾರ್, ರಜೆ ಸಿಗದಿದ್ದರೂ ಸರಿ ಸಾರ್. "ನಿಮಗೆ ಬುದ್ಧಿ ಇದೆಯೇನ್ರೀ?" ಎಂದು ಸೂಪರಿಂಟೆಂಡೆಂಟರು ಒಮ್ಮೆ ಎಲ್ಲರೆದುರು ಕೇಳಿದಾಗಲೂ ಅದೇ ಬಂತು. ಅದು ಹೌದೋ ಅಲ್ಲವೋ ನಮಗಂತೂ ಗೊತ್ತಾಗಲಿಲ್ಲ.

ಸೂಪರಿಂಟೆಂಡೆಂಟರ ಮೇಜಿನ ಮೇಲೆ ಒಂದು ಗಂಟೆ ಇತ್ತು. ಅವರು ಅದನ್ನು ಒತ್ತಿದ್ದನ್ನು ನಾನು ನೋಡಿಲ್ಲ. ಆ ಗಂಟಲಿಗೆ ಅದರ ಅಗತ್ಯವೇ ಇರಲಿಲ್ಲ ಬಿಡಿ.

ಒಂದು ಸೋಮವಾರ ಆ ಗಂಟಲು ಗುಮಾಸ್ತರನ್ನು ಕರೆಯಿತು. ಕೈಯಲ್ಲಿ ಒಂದು ಅರ್ಜಿ. ಅರ್ಜಿ ಕೊಡಲು ಶುಕ್ರವಾರವೇ ಕೊನೆಯ ದಿನವಾಗಿತ್ತು. "ಇದನ್ನ ಶುಕ್ರವಾರದ ತಾರೀಕಿಗೆ ಹಾಕಿಬಿಡಿ."

ಆವಕ ಪುಸ್ತಕದಲ್ಲಿ ನಂಬರುಗಳು ಸಾಲಾಗಿ ಹೋಗುತ್ತವೆ. ಶುಕ್ರವಾರ ಕೊನೆಗೆ ಬಂದದ್ದು 412. ಅದರ ಕೆಳಗೆ ಗೆರೆ ಎಳೆದಾಗಿದೆ. ಸೋಮವಾರದ ಮೊದಲ ಕಾಗದ 413. ನಡುವೆ ಜಾಗವೆಲ್ಲಿ?

"412ಎ ಅಂತ ಸೇರಿಸ್ರೀ, ಅದೂ ನಾನೇ ಹೇಳಿಕೊಡಬೇಕಾ?"

ಕಚೇರಿಯಲ್ಲಿ ಪಳಗಿದವರಿಗೆ ಈ 'ಎ' ಎಂದರೆ ಏನೆಂದು ಗೊತ್ತು. ಎರಡು ಸಾಲುಗಳ ಮಧ್ಯೆ ತುರುಕಿದ ಚಿಕ್ಕ ಅಕ್ಷರ, ಸ್ವಲ್ಪ ಬೇರೆ ಬಣ್ಣದ ಶಾಯಿ. ತಪಾಸಣೆಗೆ ಬಂದವರ ಬೆರಳು ಮೊದಲು ಹೋಗಿ ನಿಲ್ಲುವುದೇ ಅಲ್ಲಿ. ಆಮೇಲೆ ಕೇಳುವ ಪ್ರಶ್ನೆ ಒಂದೇ: ಇದು ಯಾರ ಅಕ್ಷರ?

ಗುಮಾಸ್ತರು ಅರ್ಜಿ ತೆಗೆದುಕೊಂಡರು. 'ಸರಿ ಸಾರ್' ಬರಲಿಲ್ಲ. ನಾನು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದೆ.

"ಸಾರ್, ಇದರ ಮೇಲೇ ಬರೆದುಕೊಟ್ಟುಬಿಡಿ. ಶುಕ್ರವಾರದ ದಿನಾಂಕಕ್ಕೆ ನೋಂದಾಯಿಸಿ ಅಂತ. ಕೆಳಗೆ ನಿಮ್ಮ ಸಹಿ. ಹಾಕ್ತೀನಿ."

"ಯಾಕ್ರೀ, ನಾನು ಬಾಯಲ್ಲಿ ಹೇಳಿದ್ರೆ ಸಾಲದಾ?"

"ಬರೆಯೋ ಕೈ ನಂದು ಸಾರ್. ಪುಸ್ತಕದಲ್ಲಿ ನಿಮ್ಮ ಮಾತು ಇರಲ್ಲ."

ಸೂಪರಿಂಟೆಂಡೆಂಟರು ಪೆನ್ನಿನ ಮುಚ್ಚಳ ತೆಗೆದರು. ಅರ್ಜಿಯ ಅಂಚಿನವರೆಗೂ ನಿಬ್ಬು ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತು, ಮತ್ತೆ ಮುಚ್ಚಳದೊಳಗೆ ಸೇರಿಕೊಂಡಿತು. "ಇವತ್ತಿನ ತಾರೀಕೇ ಹಾಕಿ," ಎಂದರು. ಅಷ್ಟು ಮೆಲ್ಲಗೂ ಮಾತಾಡಲು ಅವರಿಗೆ ಬರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.

ಗುಮಾಸ್ತರು ಬಂದು ಕೂತು 421 ಎಂದು ಬರೆದರು. ಕೈ ನಡುಗುತ್ತಿತ್ತು. ಯಾವಾಗಲೂ ಮುದ್ದಾಗಿ ಬೀಳುತ್ತಿದ್ದ 2 ಸೊಟ್ಟಗಾಗಿತ್ತು. ಮೊಹರು ಒತ್ತಿ, ನನ್ನ ಕಡೆ ಬಗ್ಗಿ, ಪಿಸುಗುಟ್ಟಿದರು:

"ಜಾಸ್ತಿ ಜೋರಾಗಿ ಮಾತಾಡಿಬಿಟ್ನಾ?"

ಪಕ್ಕದ ಮೇಜಿನ ನನಗೇ ಅರ್ಧ ಕೇಳಿಸಿರಲಿಲ್ಲ. "ಸ್ವಲ್ಪ," ಎಂದೆ.