ಉಪ್ಪುನೀರು ಬಿಡಿ, ಪೀಸ್ ನೆನೆಸಿ ತನ್ನಿ

ಚೌತಿ ಹತ್ತಿರ ಬಂತು ಅಂದ್ರೆ ಕುಮಟಾದಲ್ಲಿ ನನ್ನ ಹೊಲಿಗೆ ಮಷಿನ್ ಪಕ್ಕ ಚೀಲಗಳ ರಾಶಿ ಬೀಳ್ತದೆ. ಚೀಲ ತಂದವರಿಗೆಲ್ಲ ನನ್ನದು ಒಂದೇ ಪ್ರಶ್ನೆ, "ಪೀಸ್ ನೆನೆಸಿದ್ರಾ?" ಉತ್ತರವೂ ಹೆಚ್ಚುಕಮ್ಮಿ ಒಂದೇ. "ಈ ಮಳೇಲಿ ಎಲ್ಲಿ ಒಣಗ್ತದೆ ಅಕ್ಕಾ, ಹಾಗೇ ಹೊಲ್ದು ಕೊಡಿ." ಹಾಗೇ ಹೊಲಿದದ್ದು ಒಂದು ಸಲ ಒಗೆದ ಮೇಲೆ "ಟೈಟ್ ಹೊಲ್ದಿದೀರಿ" ಅಂತ ವಾಪಸ್ ಬರ್ತದೆ.

ಹತ್ತಿ ಬಟ್ಟೆಯನ್ನು ನೇಯುವಾಗಲೂ, ಬಣ್ಣ ಹಾಕಿ ಒಣಗಿಸುವಾಗಲೂ ಉದ್ದಕ್ಕೆ ಎಳೆದೇ ಇಟ್ಟಿರ್ತಾರೆ. ನೀರು ತಾಗಿದಾಗ ನೂಲು ಉಬ್ಬಿ, ಆ ಬಿಗಿ ಸಡಿಲಾಗಿ ಬಟ್ಟೆ ಕುಗ್ತದೆ. ಅದಕ್ಕೇ ಸಾಮಾನ್ಯವಾಗಿ ಅಗಲಕ್ಕಿಂತ ಉದ್ದದಲ್ಲಿ ಜಾಸ್ತಿ ಕುಗ್ಗೋದು. ಬಚ್ಚಲ ಹಂಡೆಯ ಬಿಸಿನೀರು ಹಾಕಿದ್ರೆ ಇನ್ನೂ ಬೇಗ. ಎಷ್ಟು ಕುಗ್ತದೆ ಅಂತ ಮೊದಲೇ ತಿಳೀಬೇಕಾದ್ರೆ ಅಂಚಿನ ಗುಂಟ 20 ಇಂಚು ಅಳೆದು ಎರಡೂ ಕಡೆ ಬಿಳಿ ದಾರದ ಒಂದೊಂದು ಟಾಕಿ ಹಾಕಿ. ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೀರಿ. 19 ಬಂದ್ರೆ 44 ಇಂಚಿನ ಕುರ್ತಾ ಎರಡು ಇಂಚಿಗಿಂತ ಸ್ವಲ್ಪ ಜಾಸ್ತಿಯೇ ಮೇಲೆ ಹೋಗ್ತದೆ ಅಂತ ಲೆಕ್ಕ. ಹೊಲಿಯೋ ಮೊದಲು ಕುಗ್ಗಿದ್ರೆ ಯಾರಿಗೂ ಗೊತ್ತೇ ಆಗೂದಿಲ್ಲ. ಮೊದಲ ಒಗೆತದಲ್ಲೇ ಬಹುಪಾಲು ಮುಗಿದಿರ್ತದೆ.

ನಿಜವಾದ ತಲೆನೋವು ಲೈನಿಂಗ್. ಮೇಲಿನ ಬಟ್ಟೆ ಪಾಲಿಯೆಸ್ಟರ್, ಅದು ಕುಗ್ಗೂದಿಲ್ಲ. ಒಳಗಿನ ಅಗ್ಗದ ಹತ್ತಿ ಲೈನಿಂಗ್ ಕುಗ್ತದೆ. ಎರಡನ್ನೂ ಸೇರಿಸಿ ಹೊಲಿದ ಮೇಲೆ ಒಂದು ಕುಗ್ಗಿ ಒಂದು ಕುಗ್ಗದಿದ್ರೆ ಬ್ಲೌಸಿನ ಬೆನ್ನೆಲ್ಲ ನಿರಿಗೆ. ಎಷ್ಟು ಇಸ್ತ್ರಿ ಒತ್ತಿದ್ರೂ ಹೋಗೂದಿಲ್ಲ. ಸೀರೆಗೆ ಹತ್ತಿ ಫಾಲ್ ಹಚ್ಚಿದಾಗ ಕೆಳಗಿನ ಅಂಚು ಸೊಟ್ಟಗಾಗಿ ಮೇಲೇಳೋದೂ ಇದೇ ಕಾರಣಕ್ಕೆ.

ಇನ್ನು ಬಣ್ಣ. "ಉಪ್ಪುನೀರಲ್ಲಿ ಅದ್ದಿದ್ರೆ ಬಣ್ಣ ನಿಲ್ತದೆ" ಅನ್ನೋದು ನಮ್ಮ ಕಡೆ ವೇದವಾಕ್ಯ. ಇದು ಬಂದಿರೋದೇ ಬಣ್ಣದ ಕಾರ್ಖಾನೆಯಿಂದ ಇರ್ಬೇಕು ಅಂತ ನನ್ನ ಗುಮಾನಿ. ಅಲ್ಲಿ ಹತ್ತಿಗೆ ಬಣ್ಣ ಹಾಕುವಾಗ ಉಪ್ಪು ಹಾಕೋದು ಹೌದು, ಆದ್ರೆ ಅದು ನೀರಿನಲ್ಲಿರೋ ಬಣ್ಣವನ್ನು ನೂಲಿನ ಕಡೆ ತಳ್ಳೋದಕ್ಕೆ. ಈಗ ಹೆಚ್ಚು ಬಳಸೋ ರಿಯಾಕ್ಟಿವ್ ಬಣ್ಣ ನೂಲಿಗೆ ಗಟ್ಟಿಯಾಗಿ ಅಂಟಬೇಕಾದ್ರೆ ಆಮೇಲೆ ಸೋಡಾ ಬೇಕು. ಅಷ್ಟಾದ್ರೂ ಒಂದಿಷ್ಟು ಬಣ್ಣ ಅಂಟದೆ ಸುಮ್ಮನೆ ಕೂತಿರ್ತದೆ. ಅದನ್ನು ಬಿಸಿನೀರಲ್ಲಿ ನಾಲ್ಕಾರು ಸಲ ಜಾಲಿಸಿ ತೆಗೀಬೇಕು. ನೀರು, ಸೌದೆ, ಸಮಯ ಉಳಿಸೋಕೆ ಹೋದವರ ಬಟ್ಟೆಯ ಆ ಬಣ್ಣ ನಿಮ್ಮ ಬಕೆಟ್‌ಗೆ ಬರ್ತದೆ. ಮನೇಲಿ ಉಪ್ಪು ಹಾಕಿದ್ರೆ ಆ ಹೊತ್ತಿಗೆ ಸಡಿಲ ಬಣ್ಣ ಬಟ್ಟೆಗೇ ಕಚ್ಚಿಕೊಂಡು ನೀರು ತಿಳಿಯಾಗಿ ಕಾಣ್ತದೆ. ಮುಂದಿನ ಸಲ ಬರೀ ನೀರಿಗೆ ಹಾಕಿದ ಕೂಡ್ಲೇ ಮತ್ತೆ ಕೆಂಪು. ಅಂದ್ರೆ ಹೊರಗೆ ಹೋಗಬೇಕಾದ್ದನ್ನು ನಾವೇ ಒಳಗೆ ಕೂರಿಸಿದ ಹಾಗಾಯ್ತು.

ನಾನು ಮಾಡೋದು ಹೀಗೆ. ಮರೂನ್ ಲೈನಿಂಗ್ ಒಂದನ್ನೇ ಕೈ ತಾಳುವಷ್ಟು ಬಿಸಿನೀರಿಗೆ ಹಾಕಿ, ಚೂರು ಸೋಪಿನ ಪುಡಿ ಹಾಕಿ ಅರ್ಧ ಗಂಟೆ ಬಿಡ್ತೇನೆ. ನಡುವೆ ನೀರು ಗಾಢವಾದ್ರೆ ಚೆಲ್ಲಿ ಬೇರೆ ಹಾಕ್ತೇನೆ. ಆಮೇಲೆ ನೀರು ತಿಳಿಯಾಗೋ ತನಕ ಜಾಲಿಸೋದು. ಇಡೀ ರಾತ್ರಿ ನೆನೆಹಾಕಬೇಡಿ. ಬಿಟ್ಟ ಬಣ್ಣವೇ ತಿರುಗಿ ಬಟ್ಟೆಗೆ ಕೂತುಕೊಳ್ತದೆ, ಪ್ರಿಂಟ್ ಇದ್ರೆ ಬಿಳಿ ಹೂವೆಲ್ಲ ಮಂಕಾಗ್ತದೆ. ಒಣಗಿದ ಮೇಲೆ ಒದ್ದೆ ಬಿಳಿ ಬಟ್ಟೆ ಇಟ್ಟು ಮೇಲಿಂದ ಬಿಸಿ ಇಸ್ತ್ರಿ ಒತ್ತಿ ನೋಡ್ತೇನೆ. ಬಿಳಿಗೆ ಗುಲಾಬಿ ಬಂದ್ರೆ ಇನ್ನೊಂದು ಸುತ್ತು. ಎರಡನೇ ಸುತ್ತಿಗೂ ಬಂದ್ರೆ ತಿಳಿ ಬಣ್ಣದ ಬ್ಲೌಸಿಗೆ ಆ ಲೈನಿಂಗ್ ಹಾಕೂದೇ ಇಲ್ಲ. ಕಂಕುಳ ಬೆವರು ಸಾಕು, ಕಲೆ ಹೊರಗೆ ಬರೋಕೆ.

ರೇಷ್ಮೆಗೆ, ಜರಿಗೆ ಇದ್ಯಾವುದೂ ಬೇಡ, ಅಲ್ಲಿ ಲೈನಿಂಗ್ ಮಾತ್ರ ನೆನೆಸಿದ್ರೆ ಸಾಕು. ಇಂಡಿಗೋ ನೀಲಿ ಎಷ್ಟು ಜಾಲಿಸಿದ್ರೂ ತಿಕ್ಕಿದಲ್ಲಿ ಸ್ವಲ್ಪ ಹತ್ತೇ ಹತ್ತುತ್ತದೆ, ಅದರ ಗುಣವೇ ಹಾಗೆ.

ಗಂಟು ಗಂಟು ಏಳೋದಕ್ಕೆ ಮಾತ್ರ ನೆನೆಸೋದು ಮದ್ದಲ್ಲ. ತೋಳು ಪಕ್ಕೆಗೆ ಉಜ್ಜಿದಲ್ಲಿ ಬಿಡಿ ಎಳೆಗಳು ಎದ್ದು ಸುತ್ತಿಕೊಳ್ತವೆ. ಬರೀ ಹತ್ತಿಯಾದ್ರೆ ಅವು ತಾವಾಗೇ ಉದುರಿ ಹೋಗೋದೇ ಹೆಚ್ಚು. ಪಾಲಿಯೆಸ್ಟರ್ ಬೆರೆತಿದ್ರೆ ಆ ಗಟ್ಟಿ ಎಳೆ ಕಡಿಯದೆ ಗಂಟನ್ನು ಹಿಡ್ಕೊಂಡೇ ಇರ್ತದೆ. ಒಳಮೈ ಹೊರಗೆ ಮಾಡಿ ಒಗೀರಿ, ಬ್ರಷ್ ಹಾಕಬೇಡಿ. ಅಷ್ಟೇ ಹೇಳಬಹುದು.

ಮಳೇಲಿ ಒಣಗೂದಿಲ್ಲ ಅನ್ನೋರಿಗೆ: ಹೊಲಿಯದ ಪೀಸ್ ಒಂದೇ ಪದರ, ಫ್ಯಾನ್ ಕೆಳಗೆ ಹರಡಿದ್ರೆ ಹೊಲಿದ ಬಟ್ಟೆಗಿಂತ ಬೇಗ ಒಣಗ್ತದೆ. ಅದೂ ಆಗೂದಿಲ್ಲ ಅಂದ್ರೆ ಕೆಳಗಿನ ಮಡಿಕೇಲಿ ಎರಡು ಇಂಚು, ಪಕ್ಕದ ಹೊಲಿಗೇಲಿ ಒಂದು ಇಂಚು ಜಾಸ್ತಿ ಬಿಟ್ಟು ಹೊಲಿತೇನೆ, ಆಮೇಲೆ ಬಿಚ್ಚಿಕೊಳ್ಳಬಹುದು. ಈ ಸಲ ಚೌತಿಗೆ ನೆನೆಸಿ ತಂದವರದ್ದು ಮೊದಲು ಕತ್ತರಿಸೋದು. ಉಳಿದವರದ್ದು ಆಮೇಲೆ, ಬೈದ್ರೂ ಸರಿ.